ಬುಲ್ಸ್ ಐ ಹರಡಿಕೊಳ್ಳುತ್ತಿದೆಯೇ? ತಪ್ಪು ಪ್ಯಾನ್‌ನದ್ದೋ ಮೊಟ್ಟೆಯದ್ದೋ ಪತ್ತೆ ಮಾಡುವುದು ಹೀಗೆ

ದೋಷ ಇಷ್ಟೇ. ಬುಲ್ಸ್ ಐ ಮಾಡಲು ಪ್ಯಾನ್‌ಗೆ ಮೊಟ್ಟೆ ಒಡೆದು ಹಾಕುತ್ತೀರಿ. ಹಳದಿಯ ಸುತ್ತ ದುಂಡಗೆ ನಿಲ್ಲಬೇಕಾದ ಬಿಳಿ, ನೀರಿನಂತೆ ಓಡಿ ಪ್ಯಾನ್‌ನ ಅಂಚು ಮುಟ್ಟುತ್ತದೆ. ಅಂಚಿನ ತೆಳು ಪದರ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗುವ ಹೊತ್ತಿಗೂ ಹಳದಿಯ ಪಕ್ಕದ ಬಿಳಿ ಇನ್ನೂ ಹಸಿ. ಅದು ಬೇಯಲಿ ಎಂದು ಕಾದರೆ ಹಳದಿ ಗಟ್ಟಿ.

ಇದಕ್ಕೆ ಹೆಚ್ಚಿನವರು ಮೊದಲು ಪ್ಯಾನನ್ನೇ ಬೈಯುತ್ತಾರೆ, ಆಮೇಲೆ ಎಣ್ಣೆಯನ್ನು, ಕೊನೆಗೆ ಒಲೆಯನ್ನು. ಒಮ್ಮೊಮ್ಮೆ ತಪ್ಪು ಅವುಗಳದ್ದೇ. ಆದರೆ ಜಾಸ್ತಿ ಸಲ ತಪ್ಪು ಮೊಟ್ಟೆಯೊಳಗೆ ಇರುತ್ತದೆ, ಪ್ಯಾನ್ ಸುಮ್ನೆ ಅದನ್ನು ತೋರಿಸುತ್ತದೆ ಅಷ್ಟೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಸುಲಭ. ಒಂದು ಸ್ಟೀಲ್ ತಟ್ಟೆ ಸಾಕು.

ಮೊದಲ ಪರೀಕ್ಷೆ: ತಣ್ಣನೆಯ ತಟ್ಟೆ

ಅಂಚು ಬಿಟ್ಟು ನಡುವೆಲ್ಲ ಚಪ್ಪಟೆಯಾಗಿರುವ ತಟ್ಟೆಯನ್ನು ಸಮತಟ್ಟಾದ ಕಟ್ಟೆಯ ಮೇಲಿಡಿ. ಮೊಟ್ಟೆಯನ್ನು ತಟ್ಟೆಗೆ ಹತ್ತಿರ ಹಿಡಿದು, ಮೆಲ್ಲಗೆ ಒಡೆದು ಇಳಿಸಿ. ಒಂದಡಿ ಎತ್ತರದಿಂದ ಬೀಳಿಸಿದರೆ ಒಳ್ಳೆಯ ಮೊಟ್ಟೆಯ ಬಿಳಿಯೂ ಹರಿದುಹೋಗುತ್ತದೆ. ಆಗ ಪರೀಕ್ಷೆಗೆ ಅರ್ಥವಿಲ್ಲ.

ಈಗ ಪಕ್ಕದಿಂದ ನೋಡಿ. ಒಳ್ಳೆಯ ಮೊಟ್ಟೆಯಲ್ಲಿ ಎರಡು ಬಗೆಯ ಬಿಳಿ ಕಣ್ಣಿಗೇ ಕಾಣುತ್ತದೆ. ಹಳದಿಯ ಸುತ್ತ ಉಬ್ಬಿ ನಿಂತಿರುವುದು ಗಟ್ಟಿ ಬಿಳಿ. ಅದರಾಚೆ ತೆಳ್ಳಗೆ ಹರಡಿರುವುದು ನೀರು ಬಿಳಿ. ನಿಜವಾಗಿ ಒಳಗೆ ನಾಲ್ಕು ಪದರಗಳಿವೆ. ಚಿಪ್ಪಿಗೆ ತಾಗಿದಂತೆ ನೀರು ಬಿಳಿ, ಆಮೇಲೆ ಗಟ್ಟಿ ಬಿಳಿ, ಅದರೊಳಗೆ ಮತ್ತೆ ಸ್ವಲ್ಪ ನೀರು ಬಿಳಿ, ಕೊನೆಗೆ ಹಳದಿಗೆ ಅಂಟಿಕೊಂಡ ಒಂದು ತೆಳು ಗಟ್ಟಿ ಪದರ. ಹಳದಿಯ ಎರಡೂ ಬದಿಗೆ ಬಿಳಿ ಹುರಿಯಂಥದ್ದು ಕಾಣುತ್ತದಲ್ಲ, ಅದು ಈ ಕೊನೆಯ ಪದರದ ಮುಂದುವರಿಕೆ. ಹಳದಿ ಅತ್ತಿತ್ತ ಜಾರದಂತೆ ಅದು ನಡುವೆ ಹಿಡಿದಿಡುತ್ತದೆ. ಅದನ್ನು ಕೊಳೆ ಎಂದುಕೊಂಡು ಚಮಚದಲ್ಲಿ ಎತ್ತಿ ಬಿಸಾಕುವವರಿದ್ದಾರೆ. ಏನೂ ಬೇಕಿಲ್ಲ.

ತಾಜಾ ಮೊಟ್ಟೆಯಲ್ಲಿ ಬಿಳಿಯ ಅರ್ಧಕ್ಕಿಂತ ಹೆಚ್ಚು ಭಾಗ ಗಟ್ಟಿ ಬಿಳಿ. ಹೊರಗಿನ ನೀರು ಬಿಳಿ ಸುಮಾರು ಕಾಲು ಭಾಗ. ಅಂದರೆ ಎಷ್ಟೇ ತಾಜಾ ಇದ್ದರೂ ಸ್ವಲ್ಪ ನೀರು ಬಿಳಿ ಇದ್ದೇ ಇರುತ್ತದೆ. ಸ್ವಲ್ಪ ಹರಡಿತು ಅಂತ ಗಾಬರಿ ಬೇಡ.

ತಟ್ಟೆ ಹೇಳುವುದು ಇದು: ತಟ್ಟೆಯ ಮೇಲೂ ಮೊಟ್ಟೆ ಚಪ್ಪಟೆಯಾಗಿ ಹರಡಿ, ಗಟ್ಟಿ ಬಿಳಿಗೂ ನೀರು ಬಿಳಿಗೂ ನಡುವಿನ ಗೆರೆಯೇ ಕಾಣದಿದ್ದರೆ ತಪ್ಪು ಮೊಟ್ಟೆಯದ್ದು. ತಟ್ಟೆಯ ಮೇಲೆ ಎತ್ತರಕ್ಕೆ ನಿಂತು, ಪ್ಯಾನ್‌ನಲ್ಲಿ ಮಾತ್ರ ಓಡಿದರೆ ತಪ್ಪು ಪ್ಯಾನ್‌ನದ್ದು. ಎರಡೂ ಸೇರಿರಬಹುದು. ಅದರ ಉದಾಹರಣೆ ಮುಂದೆ ಬರುತ್ತದೆ.

ಗಟ್ಟಿ ಬಿಳಿ ನೀರಾಗುವುದು ಯಾಕೆ

ಬಿಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಉಳಿದದ್ದರಲ್ಲಿ ಹೆಚ್ಚಿನದು ಪ್ರೋಟೀನ್. ಗಟ್ಟಿ ಬಿಳಿಗೆ ಮೈಕಟ್ಟು ಕೊಡುವುದು ಓವೋಮ್ಯೂಸಿನ್ ಎಂಬ ಒಂದೇ ಒಂದು ಪ್ರೋಟೀನ್. ಅದರ ಉದ್ದನೆಯ ಎಳೆಗಳು ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತವೆ. ನೀರು ಬಿಳಿಯಲ್ಲೂ ಓವೋಮ್ಯೂಸಿನ್ ಇದೆ. ಆದರೆ ಗಟ್ಟಿ ಬಿಳಿಯಲ್ಲಿ ಅದು ನಾಲ್ಕು ಪಟ್ಟು ಜಾಸ್ತಿ.

ಕೋಳಿ ಮೊಟ್ಟೆ ಇಟ್ಟಾಗ ಬಿಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ಆ ಗಾಳಿ ಹೊರಗೆ ಹೋಗುತ್ತದೆ. ಅದು ಹೋದಂತೆಲ್ಲ ಬಿಳಿ ಹೆಚ್ಚು ಹೆಚ್ಚು ಕ್ಷಾರವಾಗುತ್ತದೆ. ಇಟ್ಟ ಹೊತ್ತಿಗೆ ಪಿಎಚ್ ಸುಮಾರು 7.6 ಇದ್ದದ್ದು, ಹೊರಗಿಟ್ಟರೆ ಕೆಲವೇ ದಿನಗಳಲ್ಲಿ 9ರ ಮೇಲೆ ಹೋಗುತ್ತದೆ. ಅಷ್ಟು ಕ್ಷಾರದಲ್ಲಿ ಓವೋಮ್ಯೂಸಿನ್ ಬಲೆ ಸಡಿಲವಾಗುತ್ತದೆ. ಹಿಡಿದಿಟ್ಟ ನೀರು ಬಿಟ್ಟುಹೋಗುತ್ತದೆ. ಹೊರಗಿನಿಂದ ನೀರು ಬಂದು ಸೇರಿಲ್ಲ, ಗಟ್ಟಿ ಬಿಳಿಯೇ ನೀರು ಬಿಳಿಯಾಗಿದೆ.

ಇದಕ್ಕೆ ಒಂದು ಸುಲಭದ ಗುರುತೂ ಇದೆ. ತೀರಾ ತಾಜಾ ಮೊಟ್ಟೆಯ ಬಿಳಿ ಸ್ವಲ್ಪ ಮಸುಕಾಗಿ, ಮೋಡ ಕವಿದಂತೆ ಇರುತ್ತದೆ. ಆ ಮಸುಕಿಗೆ ಕಾರಣ ಅದೇ ಕಾರ್ಬನ್ ಡೈಆಕ್ಸೈಡ್. ಅದು ಹೋದ ಮೇಲೆ ಬಿಳಿ ಗಾಜಿನಂತೆ ತಿಳಿಯಾಗುತ್ತದೆ. ತುಂಬಾ ಜನ ಇದನ್ನು ತಿರುಗಾ ಮುರುಗಾ ತಿಳಿದುಕೊಂಡಿದ್ದಾರೆ. ಮಸುಕು ಬಿಳಿ ಕಂಡರೆ ಕೆಟ್ಟಿದೆ ಎಂದು ಚೆಲ್ಲುತ್ತಾರೆ. ಬಿಳಿಯಲ್ಲಿ ತುಸು ಹಸಿರು ಮಿಶ್ರಿತ ಹಳದಿ ಛಾಯೆ ಕಂಡರೂ ಹೆದರಬೇಕಿಲ್ಲ. ಅದು ರೈಬೋಫ್ಲೇವಿನ್ ಎಂಬ ವಿಟಮಿನ್‌ನ ಬಣ್ಣ. ನಾತ ಬಂದರೆ, ಇಲ್ಲವೇ ಗುಲಾಬಿ ಬಣ್ಣವೋ ಮಿನುಗುವ ಹಸಿರೋ ಕಂಡರೆ ಮಾತ್ರ ಚೆಲ್ಲಿ.

ಇದೇ ಹೊತ್ತಿಗೆ ಹಳದಿಯೂ ಬದಲಾಗುತ್ತಿರುತ್ತದೆ. ಬಿಳಿಯ ನೀರು ನಿಧಾನವಾಗಿ ಹಳದಿಯೊಳಗೆ ಇಳಿಯುತ್ತದೆ. ಹಳದಿ ಊದಿಕೊಳ್ಳುತ್ತದೆ, ಅದರ ಸುತ್ತಲಿನ ಪೊರೆ ತೆಳುವಾಗುತ್ತದೆ. ಹಾಗಾಗಿ ಹಳೇ ಮೊಟ್ಟೆಯಲ್ಲಿ ಬಿಳಿ ಓಡುವುದರ ಜೊತೆಗೆ ಹಳದಿಯೂ ಚಪ್ಪಟೆಯಾಗಿ, ಮುಟ್ಟಿದರೆ ಒಡೆಯುತ್ತದೆ. ಈ ಎರಡು ಗುರುತು ಜೋಡಿಯಾಗಿ ಬರುತ್ತವೆ ಎಂಬುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಬೆಂಗಳೂರಿನಲ್ಲಿ ಇದೆಲ್ಲ ಎಷ್ಟು ಬೇಗ ಆಗುತ್ತದೆ ಎಂಬುದು ಶಾಖದ ಮೇಲೆ ನಿಂತಿದೆ. ನಮ್ಮ ಮೊಟ್ಟೆ ನಾಮಕ್ಕಲ್‌ನಿಂದಲೋ, ಹೊಸಪೇಟೆ ಕಡೆಯಿಂದಲೋ, ಕೋಲಾರದ ಸುತ್ತಮುತ್ತಲಿಂದಲೋ ಲಾರಿಯಲ್ಲಿ ಬರುತ್ತದೆ. ಆಮೇಲೆ ಅಂಗಡಿಯ ಬಾಗಿಲಲ್ಲಿ 30ರ ಟ್ರೇಗಳಲ್ಲಿ ಕೂರುತ್ತದೆ. ಡಿಸೆಂಬರ್‌ನಲ್ಲಿ ಅದು ದೊಡ್ಡ ವಿಷಯವಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ 35 ಡಿಗ್ರಿ ಮುಟ್ಟಿದಾಗ ಕತೆಯೇ ಬೇರೆ. ಮೊದಲ ಕೆಲವು ದಿನಗಳಲ್ಲೇ ಗಟ್ಟಿ ಬಿಳಿಯ ಎತ್ತರ ಜೋರಾಗಿ ಕುಸಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಹೊರಗೆ ಒಂದು ವಾರದಲ್ಲಿ ಆಗುವ ಬದಲಾವಣೆಗೆ ಫ್ರಿಜ್‌ನಲ್ಲಿ ಎಷ್ಟೋ ವಾರಗಳು ಬೇಕು.

ಒಂದು ಮನೆಯ ಕತೆ

ಬಸವೇಶ್ವರನಗರದಲ್ಲಿರುವ ನಮ್ಮ ಚಿಕ್ಕಮ್ಮನದ್ದು ಇದೇ ದೂರು. ಇಂಡಕ್ಷನ್ ಒಲೆ, ನಾನ್‌ಸ್ಟಿಕ್ ಪ್ಯಾನ್. ಹಳೆಯದರಲ್ಲಿ ಮೊಟ್ಟೆ ಹರಡುತ್ತದೆ ಅಂತ ಹೊಸ ಪ್ಯಾನ್ ತಂದಿದ್ದರು. "ನೋಡೋ, ದುಡ್ಡು ದಂಡ. ಇದ್ರಲ್ಲೂ ಅದೇ ಕತೆ" ಅಂದರು. ಮೊಟ್ಟೆ ಇದ್ದದ್ದು ಒಲೆ ಪಕ್ಕದ ಬುಟ್ಟಿಯಲ್ಲಿ. ತಿಂಗಳು ಏಪ್ರಿಲ್.

ಬುಟ್ಟಿಯ ಒಂದು ಮೊಟ್ಟೆ ತೂಗಿ ತಟ್ಟೆಗೆ ಒಡೆದೆವು. ತೂಕ 55 ಗ್ರಾಂ. ಹಳದಿಯಿಂದ ಒಂದು ಬೆರಳಿನಷ್ಟು ಆಚೆ, ಗಟ್ಟಿ ಬಿಳಿ ಇರುವ ಕಡೆ ಹಲ್ಲುಕಡ್ಡಿಯನ್ನು ನೆಟ್ಟಗೆ ಇಳಿಸಿ, ಒದ್ದೆಯಾದ ಉದ್ದವನ್ನು ಸ್ಕೇಲ್‌ನಲ್ಲಿ ಅಳೆದೆವು. 3 ಮಿಲಿಮೀಟರ್. ಹಳದಿಯೂ ಚಪ್ಪಟೆ. ಆಮೇಲೆ ಹೊಸ ಲೋಡ್ ಇಳಿದಿದ್ದ ಮೊಟ್ಟೆ ಮಂಡಿಯಿಂದ ತಂದ, ಅಷ್ಟೇ ತೂಕದ ಇನ್ನೊಂದನ್ನು ಒಡೆದೆವು. ಅದು 7 ಮಿಲಿಮೀಟರ್ ನಿಂತಿತು.

ಈ ಎತ್ತರವನ್ನು ಅಂಕವಾಗಿ ಬದಲಿಸುವ ಒಂದು ಸೂತ್ರವನ್ನು ರೇಮಂಡ್ ಹಾಗ್ ಎಂಬವರು 1937ರಲ್ಲಿ ಕೊಟ್ಟರು. ಕೋಳಿ ಉದ್ಯಮದವರು ಇಂದಿಗೂ ಅದನ್ನೇ ಬಳಸುತ್ತಾರೆ. ಹಾಗ್ ಯೂನಿಟ್ ಅಂತ ಹೆಸರು.

```
HU = 100 × log10(h − 1.7 × w^0.37 + 7.6)
```

ಇಲ್ಲಿ `h` ಅಂದರೆ ಗಟ್ಟಿ ಬಿಳಿಯ ಎತ್ತರ, ಮಿಲಿಮೀಟರ್‌ನಲ್ಲಿ. `w` ಮೊಟ್ಟೆಯ ತೂಕ, ಗ್ರಾಂನಲ್ಲಿ. ತೂಕ ಯಾಕೆ ಬೇಕು ಅಂದರೆ, ದೊಡ್ಡ ಮೊಟ್ಟೆಯ ಬಿಳಿ ಹೇಗೂ ಸ್ವಲ್ಪ ಎತ್ತರ ನಿಲ್ಲುತ್ತದೆ. ಅದನ್ನು ಸರಿದೂಗಿಸಬೇಕು. ಚಿಕ್ಕಮ್ಮನ ಬುಟ್ಟಿಯದ್ದಕ್ಕೆ 49 ಬಂತು, ಮಂಡಿಯದ್ದಕ್ಕೆ 85. ಅಮೆರಿಕದ ದರ್ಜೆಯ ಪ್ರಕಾರ 72ರ ಮೇಲಿದ್ದರೆ ಮೊದಲ ದರ್ಜೆ, 60ಕ್ಕಿಂತ ಕೆಳಗಿದ್ದರೆ ಮೂರನೆಯದು. ಹಲ್ಲುಕಡ್ಡಿಯ ಅಳತೆ ಒಂದು ಮಿಲಿಮೀಟರ್ ಅತ್ತಿತ್ತ ಆಗುತ್ತದೆ, ನಿಜ. 3ಕ್ಕೂ 7ಕ್ಕೂ ಇರುವ ವ್ಯತ್ಯಾಸ ಅದರಿಂದ ಮುಚ್ಚಿಹೋಗುವುದಿಲ್ಲ. ಒಡೆದ ಕೂಡಲೇ ಅಳೆಯಬೇಕು ಅನ್ನುವುದು ಮಾತ್ರ ಮುಖ್ಯ. ಬಿಟ್ಟರೆ ಬಿಳಿ ತಾನಾಗಿ ಕುಗ್ಗುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡು ಮಂಡಿಯ ಮೊಟ್ಟೆಯನ್ನು ಹೊಸ ಪ್ಯಾನ್‌ಗೆ ಹಾಕಿದರೆ, ಅದೂ ಜಾರಿತು! ಮೊದಲಿನಷ್ಟಲ್ಲ, ಆದರೆ ಇಡೀ ಮೊಟ್ಟೆ ಒಂದು ಬದಿಗೆ ಹೋಗಿ ಕೂತಿತು. ಅಂದರೆ ಎರಡನೇ ದೋಷವೂ ಇದೆ.

ಪ್ಯಾನ್ ಪರೀಕ್ಷೆ

ಪ್ಯಾನ್ ತಣ್ಣಗಿದ್ದಾಗ ನೋಡಿದರೆ ಪ್ರಯೋಜನವಿಲ್ಲ. ತೆಳು ಅಲ್ಯೂಮಿನಿಯಂ ಪ್ಯಾನ್‌ಗಳು ಕಾದಾಗ ನಡುವೆ ಮೇಲಕ್ಕೆ ಉಬ್ಬುತ್ತವೆ. ಇಂಡಕ್ಷನ್ ಮೇಲೆ ಜೋರು ಉರಿಯಲ್ಲಿ ಖಾಲಿ ಕಾಯಿಸಿದರೆ ಇನ್ನೂ ಬೇಗ. ಹಾಗಾಗಿ ಪ್ಯಾನನ್ನು ಅಡುಗೆಗೆ ಕಾಯಿಸುವಷ್ಟೇ ಕಾಯಿಸಿ, ಒಂದು ಚಮಚ ಎಣ್ಣೆ ಬಿಡಿ. ಎಣ್ಣೆ ಎಲ್ಲಿ ನಿಲ್ಲುತ್ತದೆ ನೋಡಿ.

ನಡುವೆ ಒಣಗಿ, ಸುತ್ತಲೂ ಉಂಗುರದಂತೆ ಎಣ್ಣೆ ನಿಂತರೆ ಪ್ಯಾನ್ ಉಬ್ಬಿದೆ. ಒಂದೇ ಬದಿಗೆ ಹರಿದರೆ ಪ್ಯಾನನ್ನು ಹಿಡಿ ಹಿಡಿದು ಅರ್ಧ ಸುತ್ತು ತಿರುಗಿಸಿ. ಎಣ್ಣೆ ಮತ್ತೆ ಕಟ್ಟೆಯ ಅದೇ ದಿಕ್ಕಿಗೆ ಬಂದರೆ ವಾಲಿರುವುದು ಒಲೆ. ಹಿಡಿಯ ಜೊತೆಗೇ ಎಣ್ಣೆಯೂ ಸುತ್ತಿಕೊಂಡು ಹೋದರೆ ಸೊಟ್ಟಗಿರುವುದು ಪ್ಯಾನ್. ಚಿಕ್ಕಮ್ಮನ ಮನೆಯಲ್ಲಿ ಎಣ್ಣೆ ಎರಡು ಸಲವೂ ಗೋಡೆ ಕಡೆಗೇ ಹೋಯಿತು. ಒಲೆಯ ಹಿಂಭಾಗದ ಒಂದು ರಬ್ಬರ್ ಕಾಲು ಬಿದ್ದುಹೋಗಿತ್ತು. ಹೊಸ ಪ್ಯಾನ್ ಬೇಕೇ ಇರಲಿಲ್ಲ.

ದೋಸೆ ಕಾವಲಿಯಲ್ಲಿ ಮಾಡುವವರಿಗೆ ಈ ತಾಪತ್ರಯ ಕಡಿಮೆ. ಹಳೇ ಕಬ್ಬಿಣದ ಕಾವಲಿ ನಡುವೆ ಸ್ವಲ್ಪ ತಗ್ಗು ಇರುತ್ತದೆ, ಮೊಟ್ಟೆ ಅಲ್ಲೇ ಸೇರಿಕೊಳ್ಳುತ್ತದೆ. ಅದರಲ್ಲಿ ನಿಂತಿತು ಅಂದ ಮಾತ್ರಕ್ಕೆ ಮೊಟ್ಟೆ ತಾಜಾ ಅಂದುಕೊಳ್ಳಬೇಡಿ.

ಪ್ಯಾನ್ ಸಮ ಇದ್ದೂ ಹರಡಿದರೆ ಶಾಖ ನೋಡಿ. ಬಿಳಿಯ ಪ್ರೋಟೀನ್‌ಗಳು ಒಂದೇ ಸಲ ಗಟ್ಟಿಯಾಗುವುದಿಲ್ಲ. ಸುಮಾರು 62 ಡಿಗ್ರಿಯಲ್ಲಿ ಮೊದಲನೆಯದು ಗಟ್ಟಿಯಾಗಲು ಶುರು ಮಾಡುತ್ತದೆ. ಆ ಪ್ರೋಟೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿನ ಓವಾಲ್ಬ್ಯುಮಿನ್‌ಗೆ ಸುಮಾರು 80 ಡಿಗ್ರಿ ಬೇಕು. ಪ್ಯಾನ್ ಸಾಕಷ್ಟು ಕಾದಿದ್ದರೆ ಬಿಳಿಯ ಅಂಚು ತಾಗಿದ ಕೂಡಲೇ ಗಟ್ಟಿಯಾಗಿ, ಹಿಂದಿನದ್ದಕ್ಕೆ ಅಣೆಕಟ್ಟಾಗುತ್ತದೆ. ಕಾಯದ ಪ್ಯಾನ್‌ನಲ್ಲಿ ಓಡುವುದು ಮುಗಿದ ಮೇಲೆ ಗಟ್ಟಿಯಾಗುತ್ತದೆ. ಫ್ರಿಜ್‌ನಿಂದ ನೇರ ತೆಗೆದ ಮೊಟ್ಟೆ ತೆಳು ಪ್ಯಾನನ್ನು ಇನ್ನಷ್ಟು ತಣಿಸುತ್ತದೆ. ಒಂದು ಹನಿ ನೀರು ಚಿಮುಕಿಸಿದರೆ ಚುಯ್ ಅಂದು ತಕ್ಷಣ ಆರಬೇಕು. ಆಗ ಎಣ್ಣೆ ಬಿಟ್ಟು, ಮೊಟ್ಟೆ ಹಾಕಿ, ಅಂಚು ಬೆಳ್ಳಗಾದ ಮೇಲೆ ಉರಿ ಇಳಿಸಿ ಮುಚ್ಚಳ ಮುಚ್ಚಿ. ಎಣ್ಣೆ ಪ್ಯಾನ್‌ಗೆ ಸವರಿದಷ್ಟಿದ್ದರೆ ಸಾಕು. ಎಣ್ಣೆ ಕೊಳದಂತೆ ನಿಂತರೆ ಬಿಳಿ ಅದರ ಮೇಲೆ ಜಾರುತ್ತದೆ.

ಹಳೇ ಮೊಟ್ಟೆಯೋ, ಹಳೇ ಕೋಳಿಯೋ

ಇಲ್ಲೊಂದು ತಿರುವು ಇದೆ. "ಇವತ್ತೇ ಬಂದ ಮಾಲು ಸಾರ್" ಎಂದು ಅಂಗಡಿಯವರು ಹೇಳುತ್ತಾರೆ, ತಟ್ಟೆಯಲ್ಲಿ ನೋಡಿದರೆ ಬಿಳಿ ನೀರು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ಕೂಡಲೇ ತೀರ್ಮಾನಿಸಬೇಡಿ. ತಾಜಾ ಮೊಟ್ಟೆಯ ಬಿಳಿಯೂ ತೆಳುವಾಗಿರಬಹುದು.

ಸಾಕಣೆಯ ಕೋಳಿ ಸುಮಾರು 18–20 ವಾರಕ್ಕೆ ಮೊಟ್ಟೆ ಇಡಲು ಶುರು ಮಾಡುತ್ತದೆ. ವರ್ಷ ದಾಟಿದ ಮೇಲೂ ಇಡುತ್ತಿರುತ್ತದೆ. ವಯಸ್ಸಾದಂತೆ ಮೊಟ್ಟೆಯ ಗಾತ್ರ ಹೆಚ್ಚುತ್ತದೆ, ಗಟ್ಟಿ ಬಿಳಿಯ ಎತ್ತರ ಕಡಿಮೆಯಾಗುತ್ತದೆ. ಅಂದರೆ ಟ್ರೇಯಲ್ಲಿ ದಪ್ಪ ದಪ್ಪ ಮೊಟ್ಟೆ ಆರಿಸಿಕೊಳ್ಳುವವರು, ಬುಲ್ಸ್ ಐ ಮಟ್ಟಿಗೆ ನಷ್ಟ ಮಾಡಿಕೊಳ್ಳುತ್ತಿರಬಹುದು. ಕೋಳಿಗಳಿಗೆ ಬರುವ ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ಎಂಬ ವೈರಸ್ ರೋಗವೂ ಬಿಳಿಯನ್ನು ನೀರಾಗಿಸುತ್ತದೆ. ಅಂಥ ಕೋಳಿಯ ಮೊಟ್ಟೆಯ ಚಿಪ್ಪು ಹಲವು ಸಲ ಸುಕ್ಕುಸುಕ್ಕಾಗಿ, ಆಕಾರ ಕೆಟ್ಟು ಕಾಣುತ್ತದೆ.

ಎರಡನ್ನೂ ಬೇರ್ಪಡಿಸಲು ಗಾಳಿ ಕೋಶ ನೋಡಬೇಕು. ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಸಣ್ಣ ಜಾಗ ಇರುತ್ತದೆ. ಚಿಪ್ಪಿನಿಂದ ನೀರು ಆವಿಯಾದಷ್ಟೂ ಅದು ದೊಡ್ಡದಾಗುತ್ತದೆ. ಕತ್ತಲೆ ಕೋಣೆಯಲ್ಲಿ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಹಿಡಿದರೆ ಅದರ ಗೆರೆ ಕಾಣುತ್ತದೆ. ಸುಮಾರು 3 ಮಿಲಿಮೀಟರ್ ಆಳದೊಳಗಿದ್ದರೆ ತಾಜಾ. ಕಂದು ಚಿಪ್ಪಿನಲ್ಲಿ ಕಾಣುವುದು ಕಷ್ಟ, ಆಗ ನೀರಿನ ಪಾತ್ರೆಗೆ ಹಾಕಿ. ತಾಜಾ ಇದ್ದರೆ ತಳದಲ್ಲಿ ಅಡ್ಡ ಮಲಗುತ್ತದೆ. ವಯಸ್ಸಾದಂತೆ ದಪ್ಪ ತುದಿ ಮೇಲೇಳುತ್ತದೆ.

ಈಗ ಹೊಂದಿಸಿ ನೋಡಿ. ಬಿಳಿ ನೀರು, ಹಳದಿ ಚಪ್ಪಟೆ, ಗಾಳಿ ಕೋಶ ದೊಡ್ಡದು ಅಂದರೆ ಮೊಟ್ಟೆ ಹಳತು. ಬಿಳಿ ನೀರು, ಆದರೆ ಹಳದಿ ಉಬ್ಬಿ ನಿಂತಿದೆ, ಗಾಳಿ ಕೋಶ ಚಿಕ್ಕದು ಅಂದರೆ ಕೋಳಿಯದ್ದೇ ಕಾರಣ. ಮೊದಲನೆಯದಕ್ಕೆ ಅಂಗಡಿಯವರನ್ನು ಕೇಳಬಹುದು. ಎರಡನೆಯದಕ್ಕೆ ಅವರೇನು ಮಾಡಿಯಾರು, ಪಾಪ. ಬೇರೆ ಫಾರಂನ ಟ್ರೇ ನೋಡಿ, ಮಧ್ಯಮ ಗಾತ್ರದ್ದನ್ನು ಆರಿಸಿ.

ಚಿಪ್ಪಿನ ಬಣ್ಣ ಇದರಲ್ಲಿ ಲೆಕ್ಕಕ್ಕಿಲ್ಲ. ನಾಟಿ ಮೊಟ್ಟೆ ಅಂತ ಜಾಸ್ತಿ ದುಡ್ಡು ಕೊಟ್ಟರೂ ಬಿಳಿ ಗಟ್ಟಿ ಇರಲೇಬೇಕು ಅಂತೇನಿಲ್ಲ. ಹಳ್ಳಿ ಮನೆಗಳಿಂದ ಒಂದೆರಡಾಗಿ ಕೂಡಿಸಿ ತರುವ ಮೊಟ್ಟೆ, ಬುಟ್ಟಿ ತುಂಬುವ ಹೊತ್ತಿಗೇ ಹಳತಾಗಿರಬಹುದು. ಡಬ್ಬಿಯ ಮೇಲಿನ ತಾರೀಕೂ ಸಾಮಾನ್ಯವಾಗಿ ಪ್ಯಾಕ್ ಮಾಡಿದ ದಿನದ್ದು, ಇಟ್ಟ ದಿನದ್ದಲ್ಲ.

ಪರಿಹಾರ

ನೀರಾದ ಬಿಳಿಯನ್ನು ಮತ್ತೆ ಗಟ್ಟಿ ಮಾಡಲು ಆಗುವುದಿಲ್ಲ. ಫ್ರಿಜ್ ಅದನ್ನು ನಿಧಾನ ಮಾಡುತ್ತದೆ, ಹಿಂದಕ್ಕೆ ತಿರುಗಿಸುವುದಿಲ್ಲ. ಹಾಗಾಗಿ ತಂದ ದಿನವೇ ಒಳಗಿಡಿ, ದಪ್ಪ ತುದಿ ಮೇಲೆ ಮಾಡಿ. ಬಾಗಿಲಿನ ಗೂಡಿಗಿಂತ ಒಳಗಿನ ಹಲಗೆ ಮೇಲು, ಬಾಗಿಲು ತೆರೆದಾಗಲೆಲ್ಲ ಅಲ್ಲಿ ಶಾಖ ಏರುತ್ತದೆ. ಫ್ರಿಜ್ ಇಲ್ಲದವರು ತಾಜಾ ಮೊಟ್ಟೆಯ ಚಿಪ್ಪಿಗೆ ಅಡುಗೆ ಎಣ್ಣೆ ತೆಳ್ಳಗೆ ಸವರಬಹುದು. ರಂಧ್ರ ಮುಚ್ಚಿ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿಯುತ್ತದೆ. ಹಳತಾದ ಮೇಲೆ ಸವರಿದರೆ ಉಪಯೋಗವಿಲ್ಲ. ಎಣ್ಣೆ ಸವರಿದ ಮೊಟ್ಟೆಯಿಂದ ನೀರೂ ಕಡಿಮೆ ಆರುವುದರಿಂದ, ಅದಕ್ಕೆ ನೀರಿನ ಪಾತ್ರೆಯ ಪರೀಕ್ಷೆಯನ್ನು ನಂಬಬೇಡಿ.

ಕೈಯಲ್ಲಿರುವ ಮೊಟ್ಟೆಗೆ ಒಂದೇ ದಾರಿ, ಸೋಸುವುದು. ಸಣ್ಣ ಕಣ್ಣಿನ ಜಾಲರಿಗೆ ಮೊಟ್ಟೆ ಒಡೆದು ಹಾಕಿ, ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಅರ್ಧ ನಿಮಿಷದಲ್ಲಿ ನೀರು ಬಿಳಿ ಕೆಳಗಿಳಿಯುತ್ತದೆ, ಗಟ್ಟಿ ಬಿಳಿ ಹಳದಿಯ ಜೊತೆ ಉಳಿಯುತ್ತದೆ. ಟೀ ಸೋಸುವ ಜಾಲರಿ ತೀರಾ ಚಿಕ್ಕದಾದರೆ ಹಳದಿ ಒಡೆಯುತ್ತದೆ, ಅಂಗೈ ಅಗಲದ್ದು ಬೇಕು. ಜಾಲರಿಯಿಂದ ನೇರ ಪ್ಯಾನ್‌ಗೆ ಜಾರಿಸಿ. ಕುದಿಯುವ ನೀರಿಗೆ ಮೊಟ್ಟೆ ಬಿಟ್ಟು ಪೋಚ್ ಮಾಡುವವರಿಗೆ ಇದು ಇನ್ನೂ ಮುಖ್ಯ. ನೀರಿನಲ್ಲಿ ನೂಲುನೂಲಾಗಿ ತೇಲುವುದು ಈ ನೀರು ಬಿಳಿಯೇ. ವಿನೆಗರ್ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ನಿಜ, ಆದರೆ ನೂಲು ಉಳಿಯುತ್ತದೆ, ಹುಳಿಯೂ ಉಳಿಯುತ್ತದೆ.

ಚಿಕ್ಕಮ್ಮನ ಬುಟ್ಟಿಯ ಮೊಟ್ಟೆಯಿಂದ ಮೂರು ಟೀ ಚಮಚದಷ್ಟು ನೀರು ಬಿಳಿ ಇಳಿಯಿತು. ಒಲೆಯ ಕಾಲಿಗೆ ಮಡಚಿದ ರಟ್ಟು ಕೊಟ್ಟು, ಉಳಿದದ್ದನ್ನು ಪ್ಯಾನ್‌ಗೆ ಬಿಟ್ಟೆವು. ಬುಲ್ಸ್ ಐ ಸಣ್ಣದಾಯಿತು, ಆದರೆ ನಡುವೆಯೇ ನಿಂತಿತು. "ಇಷ್ಟೊಂದು ವೇಸ್ಟ್ ಆಯ್ತಲ್ಲೋ" ಅಂದರು. ವೇಸ್ಟ್ ಏನೂ ಇಲ್ಲ. ಸೋಸಿದ್ದನ್ನು ಆವತ್ತೇ ಬುರ್ಜಿಗೋ ಆಮ್ಲೆಟ್‌ಗೋ ಸೇರಿಸಿದರಾಯಿತು. ತೆಳು ಬಿಳಿ ಗಟ್ಟಿ ಬಿಳಿಗಿಂತ ಬೇಗ ನೊರೆಯೇಳುತ್ತದೆ, ನೊರೆ ಬೇಗ ಇಳಿದುಹೋಗುತ್ತದೆ ಅಷ್ಟೆ. ಬುಟ್ಟಿಯಲ್ಲಿ ಉಳಿದ ಮೊಟ್ಟೆಗಳನ್ನು ಬೇಯಿಸಿ ಮೊಟ್ಟೆ ಸಾರಿಗೆ ಹಾಕಲು ಹೇಳಿದೆ. ಬಿಳಿ ಕ್ಷಾರವಾಗಿರುವುದರಿಂದ ಅವುಗಳ ಚಿಪ್ಪು ಸಲೀಸಾಗಿ ಬಿಡುತ್ತದೆ. ಮಂಡಿಯಿಂದ ತಂದ ತಾಜಾ ಮೊಟ್ಟೆ ಬೇಯಿಸಿದ್ದರೆ ಚಿಪ್ಪಿನ ಜೊತೆ ಬಿಳಿಯೂ ಕಿತ್ತು ಬರುತ್ತಿತ್ತು.